ಶುಕ್ರವಾರಕ್ಕೆ ಹೋದ ಮಂಗಳವಾರದ ಸಭೆ

ಮಂಗಳವಾರದ ಸಭೆಗೆ ಇನ್ನು ಎರಡೇ ದಿನ ಇದೆ ಅನ್ನುವಾಗ ಡ್ರೈಯರ್ ಕೆಟ್ಟು ಕೂತಿತು.

ಹುಳಿಯಾರಿನ ತೆಂಗು ಬೆಳೆಗಾರರ ಕಂಪನಿಯೆಂದರೆ ಎರಡು ಕೋಣೆ, ಒಂದು ಶೆಡ್ಡು, ಶೆಡ್ಡಿನೊಳಗೆ ಸಕ್ಕರೆ ಪಾಕ ಹಾಕಿದ ಕಾಯಿಯ ಹೋಳನ್ನು ಒಣಗಿಸಿ ಚಿಪ್ಸ್ ಮಾಡುವ ಒಂದು ಯಂತ್ರ. ಅದರ ಆಫೀಸಿನ ಜವಾಬ್ದಾರಿಯೆಲ್ಲ ಮಂಜುಶ್ರೀಯದು. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಹಾಸನದಲ್ಲಿ ಮೂರು ಸಿಹಿತಿಂಡಿ ಅಂಗಡಿ ನಡೆಸುವ ಲಕ್ಷ್ಮಿದೇವಮ್ಮ ಎಂಬುವವರನ್ನು ತಿಂಗಳುಗಟ್ಟಲೆ ಬೆನ್ನುಹತ್ತಿ, 'ಯಂತ್ರ ಓಡುವುದನ್ನು ಕಣ್ಣಾರೆ ನೋಡಿ, ಬಿಸಿಬಿಸಿ ಚಿಪ್ಸ್ ತಿಂದು, ಆಮೇಲೆ ಆರ್ಡರ್ ಮಾತಾಡೋಣ' ಎಂದು ಅವರು ಒಪ್ಪುವಲ್ಲಿಗೆ ತಂದು ನಿಲ್ಲಿಸಿದ್ದಳು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಬರುವುದು, ಕಂಪನಿಯ ನಿರ್ದೇಶಕರೆಲ್ಲ ಸೇರುವುದು ಎಂದು ನಿಗದಿಯಾಗಿತ್ತು.

ಭಾನುವಾರ ಶೆಡ್ಡಿಗೆ ಬಂದು ಯಂತ್ರ ಬಿಚ್ಚಿದ ಮೆಕ್ಯಾನಿಕ್ ಉಮರ್ ಫಾರೂಖ್, ಕರಿಯಾದ ಸುರುಳಿಯೊಂದನ್ನು ಎತ್ತಿ ಹಿಡಿದು ತೋರಿಸಿದ.

"ಕಾಯಿಲ್ ಸುಟ್ಟೋಗಿದೆ ಮೇಡಂ. ಇದು ತಿಪಟೂರಲ್ಲಿ ಸಿಗಲ್ಲ, ಬೆಂಗಳೂರಿಂದ ತರಿಸ್ಬೇಕು."

ಯಾವಾಗ ಸರಿಯಾಗುತ್ತದೆ ಎಂದು ಕೇಳಿದ್ದಕ್ಕೆ, ದೇವರು ನಡೆಸಿದರೆ ಎರಡು ದಿನ ಎಂದ. ದೇವರು ನಡೆಸದಿದ್ದರೆ ಎಂದು ಮಂಜುಶ್ರೀ ಕೇಳಿದಳು. ಅವನು ನಕ್ಕು, ಅಲ್ಲೇ ಬೋರಲು ಹಾಕಿದ್ದ ಬಾನಿಯ ಮೇಲೆ ಕೂತು ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿದ. ಸಾಮಾನು ಬುಧವಾರ ಸಂಜೆ ಕೈಸೇರುತ್ತದೆ, ಗುರುವಾರ ಮಧ್ಯಾಹ್ನದೊಳಗೆ ಯಂತ್ರ ಓಡಿಸಿ ತೋರಿಸುತ್ತೇನೆ ಎಂದು ಗಟ್ಟಿಯಾಗಿ ಹೇಳಿದ. ಅಷ್ಟು ಖಾತ್ರಿಯಾದ ಮೇಲೇ ಅವಳು ಅಧ್ಯಕ್ಷ ಮರುಳಪ್ಪನವರಿಗೆ ವಿಷಯ ತಿಳಿಸಿದ್ದು. ಒಂದು ಸಲ ಸಭೆ ಮುಂದೂಡಿದರೆ ಜನ ತಾಳಿಕೊಳ್ಳುತ್ತಾರೆ. ಎರಡನೆಯ ಸಲಕ್ಕೆ ಇವರ ಹಣೆಬರಹವೇ ಇಷ್ಟು ಅನ್ನುತ್ತಾರೆ.

ಮರುಳಪ್ಪನವರು ಒಳ್ಳೆಯವರು. ಆದರೆ ಕೆಟ್ಟ ಸುದ್ದಿಯನ್ನು ಹೇಳಬೇಕೆಂದರೆ ಹಿಂದೆಮುಂದೆ ನೋಡುತ್ತಿದ್ದರು. ಈಗಲೇ ಯಾಕೆ ಹೇಳುವುದು, ಮಂಗಳವಾರ ಬೆಳಿಗ್ಗೆ ನೋಡಿಕೊಂಡು ಹೇಳಿದರಾಯಿತು ಎಂದರು. ಅಷ್ಟು ಹೊತ್ತಿಗೆ ಆ ಅಮ್ಮ ಅರಸೀಕೆರೆ ದಾಟಿರುತ್ತಾರೆ ಎಂದು ಮಂಜುಶ್ರೀ ನೆನಪಿಸಿದಳು. ಹಾಗಾದರೆ 'ಅನಿವಾರ್ಯ ಕಾರಣಗಳಿಂದ' ಅಂತ ಬರೆದುಬಿಡು ಎಂದರು. ಕೊನೆಗೆ, ಬೇಕರಿಯಿಂದ ಎರಡು ಕೆಜಿ ಚಿಪ್ಸ್ ತಂದು ತಟ್ಟೆಗೆ ಹಾಕಿಡೋಣ, ಯಂತ್ರದ ಬಾಗಿಲು ಮುಚ್ಚಿಯೇ ಇರಲಿ, ಯಾರಿಗೆ ಗೊತ್ತಾಗುತ್ತೆ ಎಂಬಲ್ಲಿಗೂ ಹೋದರು.

"ತಿಂಡಿ ಅಂಗಡಿ ನಡೆಸೋರಿಗೆ ಬೇಕರಿ ಚಿಪ್ಸ್ ಗೊತ್ತಾಗಲ್ವಾ ಸಾರ್?" ಎಂದಳು ಮಂಜುಶ್ರೀ.

ಮರುಳಪ್ಪನವರು ಮೀಸೆ ಸವರಿಕೊಂಡು, "ಗೊತ್ತಾಯ್ತದೆ ಕಣಮ್ಮ. ಬುಡು, ನಿಂಗೆ ಸರಿ ಅನ್ಸಿದಂಗೆ ಬರಿ" ಎಂದರು.

ಅವಳಿಗೆ ಇಷ್ಟು ಆತಂಕವಿದ್ದುದಕ್ಕೆ ಕಾರಣವಿತ್ತು. ಅವಳು ಕೆಲಸಕ್ಕೆ ಸೇರುವ ಮುಂಚೆ ಇದೇ ಮರುಳಪ್ಪನವರು ಒಂದು ರಾತ್ರಿ ಮಲಗುವ ಮುನ್ನ ನಿರ್ದೇಶಕರ ವಾಟ್ಸಾಪ್ ಗ್ರೂಪಿಗೆ 'ನಾಳೆ ಮೀಟಿಂಗ್ ಇಲ್ಲ' ಎಂದು ಹಾಕಿದ್ದರಂತೆ. ಕುರಿಹಟ್ಟಿಯ ನಿರ್ದೇಶಕ ಕಾಟಯ್ಯನಿಗೆ ಅದನ್ನು ಯಾರೋ ಮರುದಿನ ಬೆಳಿಗ್ಗೆ ಓದಿ ಹೇಳಿದ್ದರು. ನಾಳೆ ಇಲ್ಲ ಎಂದ ಮೇಲೆ ಇವತ್ತು ಇರಲೇಬೇಕಲ್ಲ ಎಂದುಕೊಂಡ ಕಾಟಯ್ಯ, ಕುರಿಗಳನ್ನು ಅಳಿಯನಿಗೆ ಒಪ್ಪಿಸಿ ಬಸ್ಸು ಹತ್ತಿ ಬಂದು, ಮುಚ್ಚಿದ ಶಟರಿನ ಮುಂದೆ ಮಧ್ಯಾಹ್ನದವರೆಗೂ ಕಾದು, ಬೈದುಕೊಂಡು ವಾಪಸು ಹೋಗಿದ್ದ. ಆಮೇಲೆ ಎರಡು ಸಭೆಗೆ ಅವನು ಬಂದಿರಲಿಲ್ಲ.

ಮಂಜುಶ್ರೀ ಮೊದಲು ನಿರ್ದೇಶಕರಿಗೆಲ್ಲ ಫೋನ್ ಮಾಡಿ, ಮುಂದಿನ ಯಾವ ದಿನಗಳು ಎಲ್ಲರಿಗೂ ಆಗುತ್ತವೆ ಎಂದು ವಿಚಾರಿಸಿಕೊಂಡಳು. ಎರಡು ದಿನ ಸಿಕ್ಕಿದವು. ಆಮೇಲೆ ಲಕ್ಷ್ಮಿದೇವಮ್ಮನವರಿಗೆ ಬರೆಯಲು ಕೂತಳು. ಮೊದಲು ಬರೆದದ್ದು ಉದ್ದವಾಯಿತು. ಕರೆಂಟು, ಕಾಯಿಲ್ಲು, ತಮಗೆಲ್ಲ ಆದ ಬೇಸರ, ಮೂರು ಕಡೆ ಕ್ಷಮೆ, ಇದೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಸಭೆ ಇಲ್ಲ ಎಂಬ ಮಾತು. ತಾನೇ ಹಾಸನದ ಅಂಗಡಿಯ ಗಲ್ಲಾದ ಹಿಂದೆ ನಿಂತು ಗಿರಾಕಿಗಳ ನಡುವೆ ಇದನ್ನು ಓದುತ್ತಿದ್ದೇನೆ ಎಂದು ಕಲ್ಪಿಸಿಕೊಂಡಳು. ಅರ್ಧಕ್ಕೇ ಫೋನು ಜೇಬಿಗೆ ಹೋಗುತ್ತಿತ್ತು. ಎಲ್ಲ ಅಳಿಸಿ ಮತ್ತೆ ಬರೆದಳು:

'ನಮಸ್ಕಾರ ಮೇಡಂ. 11ನೇ ತಾರೀಖು ಮಂಗಳವಾರ ಹುಳಿಯಾರಿನಲ್ಲಿ ಇಟ್ಟುಕೊಂಡಿದ್ದ ಸಭೆ ಅಂದು ನಡೆಯುವುದಿಲ್ಲ, ದಯವಿಟ್ಟು ಅಂದು ಹೊರಡಬೇಡಿ. ನಮ್ಮ ಡ್ರೈಯರ್ ಕೆಟ್ಟಿದೆ. ಗುರುವಾರ ಸರಿಯಾಗುತ್ತದೆ. 14ನೇ ತಾರೀಖು ಶುಕ್ರವಾರ ಬೆಳಿಗ್ಗೆ 11 ಅಥವಾ 17ನೇ ತಾರೀಖು ಸೋಮವಾರ ಮಧ್ಯಾಹ್ನ 2, ಇವೆರಡರಲ್ಲಿ ನಿಮಗೆ ಯಾವುದು ಅನುಕೂಲ? ಗುರುವಾರ ಸಂಜೆ ಯಂತ್ರ ಓಡುವ ವಿಡಿಯೊ ಕಳಿಸುತ್ತೇನೆ, ಅದನ್ನು ನೋಡಿಯೇ ಹೊರಡಿ. ನಿಮ್ಮ ಕೆಲಸ ಕೆಡಿಸಿದ್ದಕ್ಕೆ ಕ್ಷಮಿಸಿ. – ಮಂಜುಶ್ರೀ'

ಕಳಿಸಿದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಯಂತ್ರ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತೇನೋ, ಇವರ ಸಹವಾಸವೇ ಬೇಡ ಎಂದು ಆಯಮ್ಮ ಕೈಬಿಟ್ಟರೆ ಏನು ಗತಿ ಎಂದು ಶೆಡ್ಡಿಗೂ ಆಫೀಸಿಗೂ ಓಡಾಡಿದಳು. ಟೀ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಶುಕ್ರವಾರ ಹನ್ನೊಂದು ಆಗಬಹುದು, ಕಾರು ಇನ್ನೂ ಹೇಳಿರಲಿಲ್ಲ, ಈಗಲೇ ತಿಳಿಸಿದ್ದು ಒಳ್ಳೆಯದಾಯಿತು ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಮಂಗಳವಾರ ಬಿಡುವಾದ್ದರಿಂದ ಮಗಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾರಂತೆ. ಮಂಜುಶ್ರೀ ಒಬ್ಬಳೇ ನಕ್ಕಳು. ತಾನು ಹಾಳುಮಾಡಿದೆ ಎಂದು ಹೆದರಿದ್ದ ದಿನ ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದಿತ್ತು.

ಅವರ ಕಡೆಯಿಂದ ಗಟ್ಟಿಯಾದ ಮೇಲೆ ಗ್ರೂಪಿಗೆ ಒಂದೇ ಸಂದೇಶ ಹಾಕಿದಳು. ವಾರ, ತಾರೀಖು, ಹೊತ್ತು ಮೂರೂ ಅದರಲ್ಲಿದ್ದವು. 'ನಾಳೆ' 'ನಾಡಿದ್ದು' ಎಂಬ ಮಾತೇ ಇರಲಿಲ್ಲ. ನೋಡಿದವರು 'ಸರಿ' ಎಂದು ಬರೆಯಿರಿ ಎಂದು ಕೇಳಿಕೊಂಡಿದ್ದಳು. ಕಾಟಯ್ಯನ ಹಟ್ಟಿಯವಳೇ ಆದ ಇನ್ನೊಬ್ಬ ನಿರ್ದೇಶಕಿ ಚಿತ್ತಮ್ಮ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದಳು. ಓದಲು ಬಾರದ ಕಾಟಯ್ಯನಿಗೆ ಮಂಜುಶ್ರೀ ತಾನೇ ಫೋನ್ ಮಾಡಿ, ಶುಕ್ರವಾರ ಎಂದು ಎರಡು ಸಲ ಹೇಳಿ, ಅವನ ಬಾಯಿಂದ ಒಂದು ಸಲ ಹೇಳಿಸಿದಳು.

ಗುರುವಾರ ಮಧ್ಯಾಹ್ನಕ್ಕೇ ಡ್ರೈಯರ್ ಗುಂಯ್‌ಗುಟ್ಟತೊಡಗಿತು. ಉಮರ್ ಮೊದಲ ತಟ್ಟೆ ಚಿಪ್ಸನ್ನು ತಾನೇ ಖಾಲಿ ಮಾಡಿದ. ಸಂಜೆ ಮಂಜುಶ್ರೀ ವಿಡಿಯೊ ತೆಗೆದು ಹಾಸನಕ್ಕೆ ಕಳಿಸಿ, ನೆಲ ಗುಡಿಸಿ, ಕುರ್ಚಿ ಒರೆಸುತ್ತಿದ್ದಾಗ ಫೋನು ಬಡಿದುಕೊಂಡಿತು. ಆ ಕಡೆ ಕಾಟಯ್ಯ.

"ಅವ್ವಾ, ನಾಳೀಕೆ ಮೀಟಿಂಗ್ ಐತೋ ಇಲ್ವೋ?"

"ಐತಲ್ಲ ಕಾಟಯ್ಯಣ್ಣ. ಯಾಕೆ?"

"ನಾಳಿಂದು ಮುಂದಕ್ಕೆ ಹೋಯ್ತು ಅಂತ ಅಧ್ಯಕ್ಸರು ಹಾಕವ್ರಂತೆ. ಚಿತ್ತಮ್ಮ ಈಗ ಓದಿ ಹೇಳುದ್ಲು. ನೀನು ನೋಡುದ್ರೆ ಸುಕ್ರವಾರ ಅಂತ ನನ್ ಬಾಯಲ್ಲೂ ಹೇಳಿಸ್ದೆ. ಅದಕ್ಕೇ ಕೇಳಾನ ಅಂದೆ."

ಮಂಜುಶ್ರೀ ಗ್ರೂಪ್ ತೆರೆದು ನೋಡಿದಳು. ನಿಜ. ಅಧ್ಯಕ್ಷರ ಹೆಸರಿನಲ್ಲಿ, ಹತ್ತು ನಿಮಿಷದ ಹಿಂದೆ ಬಂದದ್ದು: 'ನಾಳೆಯ ಮೀಟಿಂಗ್ ಮುಂದೂಡಲಾಗಿದೆ. ಸಹಕರಿಸಿ.' ಅದರ ಕೆಳಗೆ ಆಗಲೇ ಒಬ್ಬರು 'ಸರಿ' ಎಂದಿದ್ದರು.

ಕಾಟಯ್ಯನಿಗೆ ಸಭೆ ಇದ್ದೇ ಇದೆ, ಚಿತ್ತಮ್ಮನಿಗೂ ಹೇಳಿ ಎಂದು ಒಪ್ಪಿಸಿ, ಮರುಳಪ್ಪನವರಿಗೆ ಫೋನ್ ಹಚ್ಚಿದಳು. ಅವರು ತೋಟದಲ್ಲಿದ್ದರು. ತಾನು ಇವತ್ತು ಏನನ್ನೂ ಹಾಕಿಲ್ಲ ಎಂದು ಆಣೆ ಮಾಡಿದರು. ಹಾಕಿದ್ದು ಸೋಮವಾರವಂತೆ. ಮಂಜುಶ್ರೀ ಬರೆದಿದ್ದಕ್ಕೆ ಅಧ್ಯಕ್ಷನಾದ ತಾನೂ ಒಂದು ಮಾತು ಸೇರಿಸಿದರೆ ತೂಕ ಬರುತ್ತದೆ ಎಂದು ಬರೆದು ಒತ್ತಿದ್ದರು. ಆದರೆ ಅದಕ್ಕೆ ಮುಂಚೆಯೇ ಅವರ ನೆಟ್ ಪ್ಯಾಕ್ ಮುಗಿದಿತ್ತು. ಸಂದೇಶ ಹೊರಡದೆ ಫೋನಿನಲ್ಲೇ ಕೂತಿತ್ತು. ಇವತ್ತು ಸಂಜೆ ರೀಚಾರ್ಜ್ ಮಾಡಿಸಿದ್ದೇ ತಡ, ಸೋಮವಾರದ 'ನಾಳೆ' ಗುರುವಾರದ 'ನಾಳೆ'ಯಾಗಿ ಊರೂರಿಗೆ ಹೋಗಿತ್ತು.

ಅದನ್ನು ಅಲ್ಲಿಂದ ತೆಗೆಯುವುದು ಮಂಜುಶ್ರೀಯ ಕೈಯಲ್ಲೇ ಇತ್ತು, ಗ್ರೂಪಿನ ಅಡ್ಮಿನ್ ಅವಳೇ. ಆದರೆ ಅಧ್ಯಕ್ಷರ ಮಾತನ್ನು ಆಫೀಸಿನ ಹುಡುಗಿ ಅಳಿಸಿದಳು ಎಂದಾಗಬಾರದು. ಅಳಿಸಿಬಿಟ್ಟರೆ ಸಾಲದು ಕೂಡ, ಓದಿದವರ ತಲೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ಮರುಳಪ್ಪನವರಿಂದಲೇ ತೆಗೆಸಿದಳು. ಅವರ ಹೆಸರಲ್ಲೇ ಹಾಕಲು ಒಂದು ಸಾಲನ್ನೂ ಹೇಳಿ ಬರೆಸಿದಳು: 'ಈಗ ಬಂದದ್ದು ಸೋಮವಾರ ಬರೆದ ಹಳೆಯ ಸಂದೇಶ, ತಡವಾಗಿ ಬಂತು. 14ನೇ ತಾರೀಖು ಶುಕ್ರವಾರ ಬೆಳಿಗ್ಗೆ 11ರ ಸಭೆ ಖಂಡಿತ ಇದೆ. – ಮರುಳಪ್ಪ'. ಆ ಹಳೆಯ ಸಂದೇಶಕ್ಕೆ 'ಸರಿ' ಎಂದಿದ್ದ ಒಬ್ಬರಿಗೆ ಬೇರೆಯಾಗಿ ಫೋನ್ ಮಾಡಿದಳು. ಅವರು ಆಗಲೇ ಶುಕ್ರವಾರಕ್ಕೆ ಕಾಯಿ ಕೀಳುವವನನ್ನು ಒಪ್ಪಿಸಿಬಿಟ್ಟಿದ್ದರು. ಅವನನ್ನು ಮಧ್ಯಾಹ್ನದ ಮೇಲೆ ಬರಹೇಳಿ ಸಭೆಗೆ ಬರಲು ಒಪ್ಪಿದರು.

ಫೋನ್ ಇಡುವ ಮುಂಚೆ ಮರುಳಪ್ಪನವರು ಮೆಲ್ಲಗೆ, "ತಪ್ಪಾಯ್ತು ಕಣಮ್ಮ, ಒತ್ತಾಸೆಗೆ ಇರ್ಲಿ ಅಂತ ಹಾಕ್ದೆ" ಎಂದರು. ಒಂದು ವಿಷಯಕ್ಕೆ ಒಬ್ಬರೇ ಹೇಳಿದರೆ ಒಳ್ಳೆಯದು ಸಾರ್ ಎಂದು ಮಂಜುಶ್ರೀ ಅಷ್ಟೇ ಮೆಲ್ಲಗೆ ಹೇಳಿದಳು. ಅವರಿಗೆ ಬೇಸರವಾಗಲಿಲ್ಲ. ಇನ್ನು ಮೇಲೆ ನೀನೇ ಹೇಳು, ನಾನು ಹೆಬ್ಬೆರಳೆತ್ತಿದ ಚಿತ್ರ ಹಾಕ್ತೀನಿ ಎಂದರು.

ಶುಕ್ರವಾರ ಎಲ್ಲರಿಗಿಂತ ಮೊದಲು ಬಂದವನು ಕಾಟಯ್ಯ. ಮಂಜುಶ್ರೀ ಅವನಿಗೆ ಕುರ್ಚಿ ಹಾಕಿ, ನೀವು ಫೋನ್ ಮಾಡದೇ ಇದ್ದಿದ್ದರೆ ಇವತ್ತು ಮಾನ ಹೋಗುತ್ತಿತ್ತು ಎಂದಳು. ಕಾಟಯ್ಯ ಹೆಗಲ ಕಂಬಳಿ ಸರಿಮಾಡಿಕೊಂಡು, ಕೇಳಿದರೆ ಏನು ಗಂಟು ಹೋಗುತ್ತೆ ಎಂದಷ್ಟೇ ಅಂದ. ಆದರೂ ಅವನ ಮುಖ ಅರಳಿತ್ತು.

ಲಕ್ಷ್ಮಿದೇವಮ್ಮನವರ ಕಾರು ಹೇಳಿದ ಹೊತ್ತಿಗೇ ಬಂತು. ಯಂತ್ರದ ಮುಂದೆ ನಿಂತು, ಹೋಳು ಒಳಗೆ ಹೋಗುವುದನ್ನೂ ಗರಿಗರಿಯಾಗಿ ಹೊರಗೆ ಬರುವುದನ್ನೂ ನೋಡಿದರು. ಸುಟ್ಟ ಹಳೆಯ ಕಾಯಿಲ್ಲನ್ನು ಕೇಳಿ ತರಿಸಿ ನೋಡಿದರು. ಚಿಪ್ಸ್ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಚೆನ್ನಾಗಿದೆ," ಎಂದರು. "ಸಕ್ಕರೆ ಮಾತ್ರ ಒಂಚೂರು ಜಾಸ್ತಿ ಆಯ್ತು ಅನ್ಸುತ್ತೆ."

ಮರುಳಪ್ಪನವರು ಸಮಜಾಯಿಷಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಟಯ್ಯ, "ನಾನೂ ಅದನ್ನೇ ಅನ್ನದು ಕಣ್ರವ್ವ. ಒಸಿ ಉಪ್ಪು, ಖಾರದಪುಡಿ ಹಾಕಿ ನೋಡ್ರಿ" ಎಂದ.

ಚಿತ್ತಮ್ಮ ಎದ್ದು ಹೋಗಿ ಪಕ್ಕದ ಮನೆಯಿಂದ ಉಪ್ಪು, ಖಾರದಪುಡಿ ಇಸಿದುಕೊಂಡು ಬಂದಳು. ಸಕ್ಕರೆ ಪಾಕ ಹಾಕದ ಹೋಳುಗಳಿಗೆ ಅದನ್ನು ಸವರಿ ಒಂದು ಟ್ರೇ ಒಳಗೆ ತಳ್ಳಿದರು. ಅದು ಒಣಗುವವರೆಗೆ ಹಾಸನದ ಅಮ್ಮ, ಹಟ್ಟಿಯ ಕಾಟಯ್ಯ, ಎಲ್ಲರೂ ಶೆಡ್ಡಿನ ನೆರಳಿನಲ್ಲಿ ಎಳನೀರು ಕುಡಿಯುತ್ತ ಕೂತರು. ಎಷ್ಟು ಹೊತ್ತಾದರೂ ಆಗಲಿ, ಇದನ್ನು ತಿಂದು, ಆರ್ಡರ್ ಮಾತಾಡಿಯೇ ಹೋಗುವುದು ಎಂದರು ಲಕ್ಷ್ಮಿದೇವಮ್ಮ.