ಹಿಂದಿನ ಕೋಣೆಯ ಎರಡನೇ ಮೇಲ್ವಿಚಾರಕ

ನಮ್ಮ ಯಜಮಾನರು ಏನನ್ನೂ ಎಸೆಯುವವರಲ್ಲ. ಹಿಂದಿನ ಕೋಣೆಯಲ್ಲಿ ಅವರದೊಂದು ಕಪಾಟಿದೆ, ನಾಲ್ಕು ಖಾನೆಯದ್ದು. ಪ್ಲಗ್ ಇಲ್ಲದ ವೈರು, ವೈರಿಲ್ಲದ ಪ್ಲಗ್ಗು, ಯಾವ ಬೀಗದ್ದೆಂದು ದೇವರಿಗೂ ಗೊತ್ತಿಲ್ಲದ ಕೀಲಿಕೈಗಳು, ಎಲ್ಲವೂ ಅದರಲ್ಲಿವೆ. ಬಾಗಿಲು ತೆಗೆದರೆ ಏನಾದರೊಂದು ಕಾಲಿನ ಮೇಲೆ ಬೀಳಲೇಬೇಕು. ಮೂವತ್ತು ವರ್ಷದಿಂದ ನಾನು ಆ ಕಪಾಟಿನ ಮೇಲೆ ಕಣ್ಣಿಟ್ಟಿದ್ದೇನೆ.

ಅದನ್ನು ಖಾಲಿ ಮಾಡಿಸಲು ಕಾಲ ಕೂಡಿಬಂದದ್ದು ವೈಫೈ ನೆಪದಲ್ಲಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಜೊತೆಗಿದ್ದ ನಾಲ್ವರು ಈಗಲೂ ಪ್ರತಿ ಭಾನುವಾರ ಸಂಜೆ ಐದಕ್ಕೆ ವಿಡಿಯೋ ಕರೆಯಲ್ಲಿ ಸೇರುತ್ತೇವೆ. ವಿಷಯ ಒಂದೇ, ಗಂಡಂದಿರು. ಆದರೆ ನಮ್ಮ ರೂಟರ್ ಇರುವುದು ಮುಂಬದಿಯ ಹಾಲಿನಲ್ಲಿ. ಮೂರು ಗೋಡೆ ದಾಟಿ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ಸಿಗ್ನಲ್ಲಿನ ಜೀವ ಹೋಗಿರುತ್ತದೆ. ಹಾಗಾಗಿ ನಾನು ಹಾಲಿನಲ್ಲೇ ಕೂರಬೇಕು, ಎದುರಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಅವರು. ಪೇಪರಿನ ಪುಟ ಮಾತ್ರ ಮಗುಚುವುದಿಲ್ಲ. ಆರು ತಿಂಗಳಿಂದ ಗಂಡನನ್ನು ಹೊಗಳಿ ಹೊಗಳಿ ನನ್ನ ನಾಲಿಗೆ ಸವೆದಿತ್ತು.

ಶನಿವಾರ ಮಗಳು ಬಂದವಳು ನನ್ನ ಗೋಳು ಕೇಳಿ, “ಹೊಸದೊಂದು ಪೆಟ್ಟಿಗೆ ತಂದು ಹಾಕ್ತೀನಿ ಬಿಡಮ್ಮ,” ಅಂದಳು.

ಇವರು ತಕ್ಷಣ ಎದ್ದು ನಿಂತರು. “ಹೊಸದ್ಯಾಕೆ? ನಮ್ಮ ಹಳೇ ರೂಟರ್ ಕಪಾಟಲ್ಲಿ ಗುಂಡುಕಲ್ಲಿನ ಹಾಗಿದೆ. ಹಾಲಿಂದ ಕೇಬಲ್ ಎಳೆದು ಅದಕ್ಕೆ ಸಿಕ್ಕಿಸಿದ್ರೆ ಆ ಕೋಣೆಗೆ ಅದೇ ವೈಫೈ ಕೊಡುತ್ತೆ. ಅದಕ್ಕೆ ಆಕ್ಸೆಸ್ ಪಾಯಿಂಟ್ ಅಂತಾರೆ.”

“ಆಗ್ಲಿಲ್ಲ ಅಂದ್ರೆ?”

“ನಾಳೆ ನಾಲ್ಕು ಗಂಟೆ ಒಳಗೆ ಆಗ್ಲಿಲ್ಲ ಅಂದ್ರೆ ಕಪಾಟನ್ನ ಗುಜರಿಯವನಿಗೆ ಕೊಟ್ಟುಬಿಡಿ. ನಾನು ಚಕಾರ ಎತ್ತಲ್ಲ.”

ಮಗಳು ನನ್ನ ಮುಖ ನೋಡಿದಳು, ನಾನು ಚಾವಣಿ ನೋಡಿದೆ. ಒಳಗೊಳಗೇ ಲಡ್ಡು ತಿಂದಷ್ಟು ಖುಷಿ.

ಸುಳ್ಳು ಯಾಕೆ ಹೇಳಲಿ, ಮನುಷ್ಯ ಕೆಲಸ ಅಚ್ಚುಕಟ್ಟಾಗಿಯೇ ಮಾಡಿದರು. ನನ್ನ ತಲೆಯ ಪಿನ್ನೊಂದನ್ನು ಕಿತ್ತುಕೊಂಡು ಹಳೆ ರೂಟರಿನ ಪುಟ್ಟ ತೂತಿಗೆ ಒತ್ತಿ ಹಿಡಿದು, ಅದರ ಹಳೆಯ ನೆನಪೆಲ್ಲ ಅಳಿಸಿದರು. ಲ್ಯಾಪ್‌ಟಾಪಿಗೆ ಜೋಡಿಸಿ ಅದರ ಪುಟ ತೆರೆದರು. ಹಾಲಿನ ರೂಟರಿನ ಅಂಕಿಗಳ ವಿಳಾಸ ಒಂದರಲ್ಲಿ ಮುಗಿಯುತ್ತದೆ, ಎರಡಕ್ಕೂ ಒಂದೇ ಇರಬಾರದೆಂದು ಇದರದ್ದನ್ನು ಎರಡಕ್ಕೆ ಬದಲಾಯಿಸಿದರು. ಹಾಲಿನದ್ದು ಫೋನುಗಳಿಗೆ ನೂರರಿಂದ ಮೇಲಿನ ನಂಬರು ಹಂಚುವುದರಿಂದ ಎರಡು ಯಾರಿಗೂ ಹೋಗುವುದಿಲ್ಲ ಎಂದು ನನಗೆ ಪಾಠ ಬೇರೆ ಮಾಡಿದರು. ವೈಫೈಗೆ ಹೆಸರು, ಪಾಸ್‌ವರ್ಡ್ ಕೊಟ್ಟು, ರೂಟರಿನ ಒಳಪುಟಕ್ಕೂ ಒಂದು ಪಾಸ್‌ವರ್ಡ್ ಇಟ್ಟು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು. ಗೋಡೆಯ ಬುಡದುದ್ದಕ್ಕೂ ಕೇಬಲ್ ಹೊಡೆದು, ಬೇರೆ ಬಣ್ಣದ ಇಂಟರ್ನೆಟ್ ತೂತು ಬಿಟ್ಟು, ಎರಡೂ ಕಡೆ ಸಾಲಾಗಿರುವ ನಾಲ್ಕು ತೂತುಗಳಲ್ಲಿ ಒಂದಕ್ಕೆ ಸಿಕ್ಕಿಸಿದರು.

ಭಾನುವಾರ ಹನ್ನೆರಡಕ್ಕೆ ಹಿಂದಿನ ಕೋಣೆಯಲ್ಲಿ ನನ್ನ ಫೋನಿನ ಮೇಲೆ ಸಿಗ್ನಲ್ ತುಂಬಿ ತುಳುಕಿತು. ಇವರು ಎದೆ ಉಬ್ಬಿಸಿ ನಿಂತರು. ಆದರೆ ಒಂದು ಪುಟವೂ ತೆರೆಯಲಿಲ್ಲ.

ಒಂದು ಗಂಟೆಗೆ ಹಾಲಿನಲ್ಲೂ ರಗಳೆ ಶುರುವಾಯಿತು. ಅಂಗಡಿಗೆ ಹೋಗಿ ಬಂದ ಮಗಳ ಫೋನಿಗೆ ಇಂಟರ್ನೆಟ್ ಇಲ್ಲ. ಹಾಲಿನಲ್ಲೇ ಬಿದ್ದಿದ್ದ ಇವರ ಲ್ಯಾಪ್‌ಟಾಪಿಗೆ ಇದೆ. ಅದನ್ನೊಮ್ಮೆ ಆರಿಸಿ ಹಾಕಿದರೆ ಅದಕ್ಕೂ ಇಲ್ಲ.

“ಅಪ್ಪ, ಇಲ್ಲದ್ದನ್ನ ಕೊಡ್ತೀನಿ ಅಂತ ಹೋಗಿ ಇದ್ದದ್ದನ್ನೂ ಕಳೆದ್ರಲ್ಲ!”

ಇವರು ಕೇಬಲ್ ಕಿತ್ತರು, ಹಾಕಿದರು, ತಲೆ ಕೆರೆದರು. ನಾನು ಅಡುಗೆಮನೆಯಲ್ಲಿ ನನ್ನ ಫೋನಿನ ವೈಫೈ ವಿವರ ತೆರೆದು ನೋಡಿದೆ. ಗೇಟ್‌ವೇ, ಅಂದರೆ ಹೊರಗಿನ ದಾರಿ ಎಂದು ಅದರಲ್ಲಿದ್ದ ವಿಳಾಸ ಎರಡರಲ್ಲಿ ಮುಗಿಯುತ್ತಿತ್ತು, ಹಳೆ ರೂಟರಿನದ್ದು. ನನಗೆ ನಗು ತಡೆಯಲಾಗಲಿಲ್ಲ.

ಎಕ್ಸ್‌ಚೇಂಜಿನಲ್ಲಿ ಒಮ್ಮೆ ನಮ್ಮ ಕೋಣೆಗೆ ತಪ್ಪಿ ಇಬ್ಬರು ಮೇಲ್ವಿಚಾರಕರನ್ನು ಹಾಕಿದ್ದರು. ಎರಡನೆಯವನಿಗೆ ಹೊರಗಿನ ಲೈನೇ ಇರಲಿಲ್ಲ. ಆದರೂ ಯಾರು ಕೇಳಿದರೂ ಮೊದಲು ಬಾಯಿ ಹಾಕಿ, “ಹೊರಗಿನ ಕರೆಯೆಲ್ಲ ನನ್ನ ಮೂಲಕ ಕಳಿಸಿ,” ಅನ್ನುತ್ತಿದ್ದ. ಹಳೆಯ ರೂಟರ್ ಈಗ ಮಾಡುತ್ತಿದ್ದದ್ದೂ ಅದನ್ನೇ. ನಂಬರು ಹಂಚುವ ಕೆಲಸವನ್ನು ಇವರು ಅದರಿಂದ ಕಿತ್ತುಕೊಂಡಿರಲಿಲ್ಲ. ಕೇಬಲ್ಲಿನ ಮೂಲಕ ಅದರ ದನಿ ಹಾಲಿಗೂ ಕೇಳುತ್ತಿತ್ತು. ಯಾವ ಫೋನು ಹೊಸದಾಗಿ ಸೇರಿದರೂ ಎರಡು ರೂಟರುಗಳಲ್ಲಿ ಮೊದಲು ಉತ್ತರಿಸಿದ್ದರ ಮಾತು ಕೇಳುತ್ತಿತ್ತು.

ಹಳೆ ರೂಟರಿನ ಒಳಪುಟದಲ್ಲಿ ಆ ನಂಬರು ಹಂಚುವ ಕೆಲಸದ ಮುಂದಿರುವ, ಡಿಎಚ್‌ಸಿಪಿ ಎಂಬ ಒಂದೇ ಒಂದು ಟಿಕ್ ಗುರುತು ತೆಗೆದರೆ ಸಾಕು, ಎಲ್ಲ ಸರಿ. ನಾನು ಬಾಯಿಗೆ ಬೀಗ ಹಾಕಿಕೊಂಡು ಪಾತ್ರೆ ತೊಳೆದೆ. ಸುಮ್ಮನಿದ್ದರೆ ಕಪಾಟೂ ಹೋಗುತ್ತದೆ, ಮಗಳ ಹೊಸ ಪೆಟ್ಟಿಗೆಯೂ ಬರುತ್ತದೆ. ಇಂಥ ಲಾಭ ಬಿಟ್ಟುಕೊಡಲು ನನಗೇನು ಹುಚ್ಚೇ?

ಮೂರೂವರೆಗೆ ಇವರು ಕೈಚೆಲ್ಲಿದರು. “ಸೋತೆ ಕಣಮ್ಮ. ಗೋಣಿಚೀಲ ತಗೊಂಬಾ.” ಮಗಳು ಚೀಲ ಹುಡುಕಲು ಹೋದಳು. ನಾನು ವಿಜಯೋತ್ಸವ ನೋಡಲು ಹಿಂದಿನ ಕೋಣೆಗೆ ನಡೆದೆ.

ಇವರು ನೆಲದ ಮೇಲೆ ಕೂತು ಕೆಳಗಿನ ಖಾನೆಯಿಂದ ಒಂದೊಂದೇ ತೆಗೆದು ಇಡುತ್ತಿದ್ದರು. ಒಂದು ಬಟ್ಟೆಯ ಗಂಟನ್ನು ಮಾತ್ರ ಹಿಂದಕ್ಕೆ ಸರಿಸಿದರು.

“ಅದೇನ್ರೀ ಅದು?”

“ಏನಿಲ್ಲ.”

ಬಿಚ್ಚಿದೆ. ನನ್ನ ಹೆಡ್‌ಸೆಟ್. ಎಕ್ಸ್‌ಚೇಂಜ್ ಮುಚ್ಚಿದ ದಿನ ಕಸದ ರಾಶಿಗೆ ಎಸೆದು, ಮನೆಗೆ ಬಂದು ನಾನು ಅತ್ತಿದ್ದ ಅದೇ ಹೆಡ್‌ಸೆಟ್. ಕಿವಿಯ ಮೆತ್ತೆಗೆ ನಾನು ಹಾಕಿದ್ದ ಕೆಂಪು ದಾರದ ಹೊಲಿಗೆ ಹಾಗೇ ಇತ್ತು.

“ಮಾರನೇ ದಿನ ಹೋಗಿ ರಾಶಿ ಕೆದಕಿ ತಂದೆ,” ಅಂದರು. “ಕೊಟ್ರೆ ಮತ್ತೆ ಅಳ್ತೀಯ ಅಂತ ಸುಮ್ನಿದ್ದೆ. ಇದೊಂದು ಉಳಿಸ್ಲಾ?”

“ಉಳಿಸಿ,” ಅಂದೆ. ಈ ಮನುಷ್ಯನನ್ನು ಆರು ತಿಂಗಳು ಸುಳ್ಳುಸುಳ್ಳೇ ಹೊಗಳಿದ್ದೆನಲ್ಲ, ಅದರಲ್ಲಿ ಒಂದಿಷ್ಟು ನಿಜವಿತ್ತು ಎಂದು ನನಗೇ ನಾಚಿಕೆಯಾಯಿತು.

ಅವರು ಮತ್ತೆ ಕಪಾಟಿನತ್ತ ತಿರುಗಿದರು. ನಾನು ರೂಟರಿನ ಪಕ್ಕದ ಚೀಟಿ ಎತ್ತಿಕೊಂಡು, ಫೋನಿನಲ್ಲೇ ಎರಡರಲ್ಲಿ ಮುಗಿಯುವ ವಿಳಾಸಕ್ಕೆ ಹೋಗಿ, ಆ ಗುರುತು ತೆಗೆದೆ. ಹೋದದ್ದು ಹೋದೆ, ಬರಿಗೈಯಲ್ಲಿ ಬರಬೇಕೇ? ಹಿಂದಿನ ಕೋಣೆಯ ವೈಫೈ ಪಾಸ್‌ವರ್ಡನ್ನೂ ಒಳಪುಟದ ಪಾಸ್‌ವರ್ಡನ್ನೂ ಬದಲಾಯಿಸಿಬಿಟ್ಟೆ. ರೂಟರಿನ ದೀಪಗಳು ಒಮ್ಮೆ ಆರಿ ಮತ್ತೆ ಹತ್ತಿದವು.

ಚೀಲ ಹಿಡಿದು ಬಂದ ಮಗಳಿಗೆ, “ವೈಫೈ ಒಂದ್ಸಲ ಆರಿಸಿ ಹಾಕು ನೋಡೋಣ,” ಅಂದೆ. ಹಾಲಿನ ವೈಫೈ ಹಿಡಿದ ಅವಳ ಫೋನು ಟಣ್ ಟಣ್ ಎಂದು ಸಂದೇಶ ಸುರಿಸಿತು. ಹೊಸ ಪಾಸ್‌ವರ್ಡ್ ಹಾಕಿದ ನನ್ನದು ಹಿಂದಿನ ಕೋಣೆಯಲ್ಲೇ ವಿಡಿಯೋ ಓಡಿಸಿತು. ಗಂಟೆ ನಾಲ್ಕಕ್ಕೆ ಐದು ನಿಮಿಷ.

“ನಾನು ಹೇಳಲಿಲ್ವಾ?” ಇವರು ಮೀಸೆ ತಿರುವಿದರು. “ಹಳೇ ಸಾಮಾನು. ಸ್ವಲ್ಪ ಬಿಸಿಯಾಗ್ಬೇಕಿತ್ತು ಅಷ್ಟೆ.”

ಐದಕ್ಕೆ ನಾನು ಹಿಂದಿನ ಕೋಣೆಯ ಬಾಗಿಲು ಹಾಕಿ, ಯಾವುದಕ್ಕೂ ಸಿಕ್ಕಿಸದ ಹೆಡ್‌ಸೆಟ್ ಸುಮ್ಮನೆ ತಲೆಗೇರಿಸಿ ಕೂತೆ. ಗೆಳತಿಯರು ಬಿದ್ದು ಬಿದ್ದು ನಕ್ಕರು. ಆರು ತಿಂಗಳ ಬಾಕಿ ಮಾತೆಲ್ಲ ಹೊರಬಿತ್ತು. ಗಂಟಿನ ಕಥೆ ಮಾತ್ರ ಹೇಳಲಿಲ್ಲ. ಅದು ನನ್ನದು.

ಅರ್ಧ ಗಂಟೆಯಾದ ಮೇಲೆ ಬಾಗಿಲು ಬಡಿದ ಸದ್ದು. “ಏನೇ, ನಾನೇ ಹಾಕಿದ ವೈಫೈ ಚೀಟೀಲಿರೋ ಪಾಸ್‌ವರ್ಡ್ ತಗೋತಿಲ್ವಲ್ಲ?”

“ಬದಲಾಗಿದೆ ರೀ. ಒಂದು ಖಾನೆ ಖಾಲಿ ಮಾಡಿದ್ರೆ ಹೇಳ್ತೀನಿ.”

“ನಿನ್ನ ಪಿನ್ ನನ್ನ ಹತ್ರಾನೇ ಇದೆ. ಮತ್ತೆ ಒತ್ತಿಬಿಡ್ತೀನಿ!”

“ಒತ್ತಿ. ಆಮೇಲೆ ಬಿಸಿಯಾಗೋವರೆಗೂ ಕಾಯ್ತಾ ಕೂತಿರಿ.”

ಮನುಷ್ಯ ಬುದ್ಧಿವಂತರೇ, ರೂಟರ್ ‘ಬಿಸಿಯಾದದ್ದು’ ಯಾರ ಕೈಯಿಂದ ಎಂದು ಅರ್ಥವಾಗಿರಬೇಕು. ಬಾಗಿಲ ಆಚೆಯಿಂದ ಮೆಲ್ಲಗೆ, “ಯಾವ ಖಾನೆ?” ಎಂದು ಕೇಳಿದರು.

ನಾನು ಗೆಳತಿಯರತ್ತ ಕಣ್ಣು ಮಿಟುಕಿಸಿ, ಹೆಡ್‌ಸೆಟ್ಟಿನ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ಹಳೆಯ ದನಿಯಲ್ಲೇ ಉತ್ತರಿಸಿದೆ. “ಈ ಮಾರ್ಗದ ಎಲ್ಲ ಸಾಲುಗಳು ಕಾರ್ಯನಿರತವಾಗಿವೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.”