ಅಣ್ಣನಿಗೆ ಬರೆದ ಕಾಗದ

ತೆಕ್ಕಟ್ಟೆಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ಹಿರಿಯರಿಗೆ ಹೇಗೆ ಬರೆಯಬೇಕು, ಗೆಳತಿಗೆ ಹೇಗೆ ಬರೆಯಬೇಕು ಅಂತ ಜಲಜ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಜಂಬವೇ ನನ್ನನ್ನು ತಿಂದದ್ದು.

ಪಕ್ಕದ ಮನೆಯ ಉಮಾವತಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹೊಟ್ಟೆಯ ಕ್ಯಾನ್ಸರ್. ಇನ್ನು ಹದಿನೈದಿಪ್ಪತ್ತು ದಿನ ಅಂತ ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಅದು ತೊಂಬತ್ತೆಂಟನೇ ಇಸವಿ. ಅವಳಿಗೆ ಅಕ್ಷರ ಬಾರದು. ನನ್ನ ಕರೆಸಿ ಹೇಳಿದಳು, "ಟೀಚರೇ, ಇಬ್ರಿಗೂ ಒಂದೇ ಮಾತ್ ಬರ್ದ್ ಹಾಕಿ. ನಾ ಇನ್ನ್ ಉಳಿತಿಲ್ಲೆ, ನಿನ್ನ ಒಂದ್ಸಲ ಕಾಣ್ಕ್, ಬೇಗ ಬಾ, ಅಷ್ಟೇ."

ಇಬ್ಬರು ಅಂದರೆ, ಉಪ್ಪುಂದದಲ್ಲಿದ್ದ ಬಾಲ್ಯದ ಗೆಳತಿ ವನಜ ಒಬ್ಬಳು. ಇನ್ನೊಬ್ಬ ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದ ಅಣ್ಣ ಭೋಜರಾಜ. ಉಮಾವತಿಯ ಗಂಡ ಬದುಕಿದ್ದಾಗ ಅವಳ ಹೆಬ್ಬೆಟ್ಟು ಒತ್ತಿಸಿ ಈ ಅಣ್ಣನ ಮೇಲೆ ಆಸ್ತಿ ಪಾಲಿನ ಕೇಸು ಹಾಕಿದ್ದ. ಅಂದಿನಿಂದ ಏಳು ವರ್ಷ ಅಣ್ಣ ತಂಗಿಗೆ ಮಾತಿಲ್ಲ. ಸಾಯುವ ಮೊದಲು ಅವನ ಮುಖ ಕಾಣಬೇಕು, ಅದೊಂದೇ ಆಸೆ ಅವಳಿಗೆ.

ವನಜಳಿಗೆ ಅವಳು ಹೇಳಿದ ಹಾಗೇ ಬರೆದೆ. "ವನಜಾ, ನಾ ಉಳಿತಿಲ್ಲೆ ಮಾರಾಯ್ತಿ, ಬೇಗ ಬಾ." ಅಣ್ಣನಿಗೆ ಹಾಗೆ ಬರೆಯುವುದುಂಟೇ? ಹತ್ತು ವರ್ಷ ದೊಡ್ಡವ. ಆ ಮನೆಯ ಸೊಸೆಯಂದಿರೂ ಓದುತ್ತಾರೆ. ಸಾವಿನ ಮಾತನ್ನು ಹಿರಿಯರ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಮರ್ಯಾದೆಯಲ್ಲ. ಒಳ್ಳೆಯ ಅಕ್ಷರದಲ್ಲಿ ಬರೆದೆ: "ತೀರ್ಥರೂಪ ಸಮಾನರಾದ ಅಣ್ಣನವರ ಪಾದಗಳಿಗೆ ಉಮಾವತಿಯ ನಮಸ್ಕಾರಗಳು. ನನಗೆ ಇತ್ತೀಚೆಗೆ ಸ್ವಲ್ಪ ದೇಹಾಲಸ್ಯ. ತಾವು ಬಿಡುವು ಮಾಡಿಕೊಂಡು ಒಮ್ಮೆ ಊರಿಗೆ ದಯಮಾಡಿಸಬೇಕಾಗಿ ವಿನಂತಿ."

ಓದಿ ಹೇಳಿದಾಗ ಅವಳು ಹುಬ್ಬು ಗಂಟಿಕ್ಕಿದಳು. "ಅಣ್ಣಂಗೆ ನಾ ಯಾವತ್ತೂ ನೀವ್ ಅಂದದ್ದಿಲ್ಲೆ, ಟೀಚರೇ."

"ಅದು ಬಾಯಲ್ಲಿ. ಕಾಗದದಲ್ಲಿ ಹಾಗೆಲ್ಲ ಬರೆಯುವುದಿಲ್ಲ" ಅಂತ ಗದರಿದೆ.

"ನೀವ್ ಓದ್ದವ್ರ್" ಅಂದಳು.

ಮೂರನೇ ದಿನಕ್ಕೆ ವನಜ ಬಸ್ಸಿಳಿದು ಓಡಿಬಂದಳು. ಉಮಾವತಿಯ ಕಾಲ ಬಳಿ ಕೂತು ಅತ್ತಳು, ಬೈದಳು, ಗಂಜಿ ಕುಡಿಸಿದಳು. ಅಣ್ಣನ ಸುದ್ದಿಯೇ ಇಲ್ಲ. ಹದಿಮೂರನೇ ದಿನ ರಿಜಿಸ್ಟರ್ಡ್ ಪೋಸ್ಟ್ ಬಂತು. ಭೋಜರಾಜ ನನ್ನ ಕಾಗದವನ್ನು ಕುಂದಾಪುರದ ತನ್ನ ವಕೀಲರಿಗೆ ಕಳಿಸಿದ್ದ. "ನಮ್ಮ ಕಕ್ಷಿಗಾರರನ್ನು ನೇರವಾಗಿ ಸಂಪರ್ಕಿಸಕೂಡದು" ಅಂತ ಅವರ ಉತ್ತರ.

ಅಯ್ಯೋ ದೇವರೇ! ತಂಗಿಯ ಬಾಯಲ್ಲಿ ಎಂದೂ ಬಾರದ 'ತಾವು' ಕಂಡು, ಯಾರೋ ಕೇಸಿನವರು ಬರೆಸಿದ್ದು ಅಂತ ತಿಳಿದಿದ್ದಾನೆ ಅವನು!

ವನಜ ಬಾವಿಕಟ್ಟೆಯಲ್ಲಿದ್ದಳು. ಉಮಾವತಿ ತಲೆ ಎತ್ತಲಾರದೆ ಕೇಳಿದಳು, "ಅಣ್ಣನ ಕಾಗ್ದವಾ? ಓದಿ."

ನಾನು ಓದಿದೆ. "ಉಮಾ, ಸಿಟ್ಟೆಲ್ಲ ಬಿಟ್ಟಿದ್ದೆ ಹೆಣ್ಣೆ. ನಾ ಬತ್ತೆ. ನೀ ಕಾಯ್ಕಂಡಿರ್."

ಆ ಕ್ಷಣದಲ್ಲಿ ಒಂದೇ ಒಂದು ಅಕ್ಷರಕ್ಕೂ ನಾನು ಯೋಚಿಸಬೇಕಾಗಿ ಬರಲಿಲ್ಲ. ಅವಳ ಮುಖ ಅರಳಿತು. "ಕಾಣಿ, ಅವನೇ ಮಾತಾಡ್ದಂಗೆ ಇತ್ತ್" ಅಂದಳು.

ಆ ಸಂಜೆಯೇ ಕುಂದಾಪುರಕ್ಕೆ ಹೋಗಿ ಭೋಜರಾಜನಿಗೆ ತಂತಿ ಕೊಟ್ಟೆ: ಉಮಾ ಸಾಯುತ್ತಿದ್ದಾಳೆ, ಹೊರಡಿ. ಅದು ಅವನಿಗೆ ತಲುಪಿ ಅವನು ಹೊರಡುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿಯಬೇಕಿತ್ತು. ಆದರೆ ಜೀವ ಹೋಗಬೇಕಾದ ಹೊತ್ತಿಗೆ ಅವಳು ಹೋಗಲಿಲ್ಲ. ಎರಡು ದಿನ ನೋವಿಗೆ ಹಲ್ಲು ಕಚ್ಚಿ, ಬಾಗಿಲ ಕಡೆಗೆ ಮುಖ ಮಾಡಿಸಿಕೊಂಡು ಮಲಗಿದ್ದಳು. ಮದ್ದು ಕೊಟ್ಟರೆ ನಿದ್ದೆ ಬರುತ್ತದೆ, ಅಣ್ಣ ಬಂದದ್ದು ಗೊತ್ತಾಗುವುದಿಲ್ಲ ಅಂತ ಮದ್ದನ್ನೂ ಉಗಿದಳು. ಮೂರನೇ ದಿನ ಬೆಳಿಗ್ಗೆ ಹೋದಳು.

ಭೋಜರಾಜ ಬಂದಾಗ ಚಿತೆ ಆರಿತ್ತು. ಅಂಗಳದಲ್ಲೇ ಕುಸಿದು ಕೂತ. ವನಜ ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಿದಳು.

"ಅಳ್ಬೇಡಿ ಅಣ್ಣ. ನೀವ್ ಬತ್ತೆ ಅಂದ್ ಬರ್ದದ್ದ್ ಕೇಂಡ್ ಉಮಾಗೆ ಎಷ್ಟ್ ಖುಷಿ ಆಯ್ತ್ ಗೊತ್ತಾ? ನಿಮ್ಗಾಯ್ಕೇ ಜೀವ ಹಿಡ್ಕಂಡಿತ್ತ್."

ಅವನು ಲೋಟ ಕೆಳಗಿಟ್ಟ. "ನಾನ್ ಎಂತದೂ ಬರೀಲಿಲ್ಲ" ಅಂದ.

ವನಜ ನನ್ನ ಕಡೆ ತಿರುಗಿದಳು.