ಅವನ ಹೆಸರಿಲ್ಲದ ಪ್ರಶ್ನೆ

ಸೊಸೆಯ ಪ್ರಬಂಧದ ವಿಷಯಕ್ಕೆ ಮೂರನೆಯ ಸಲವೂ ಕೆಂಪು ಗೀಟು ಬಿದ್ದಿತೆಂದು ಕೇಳಿದ ಕೂಡಲೇ ನಾನು ಚಪ್ಪಲಿ ಮೆಟ್ಟಿಕೊಂಡೆ. ಆ ಆಸ್ಪತ್ರೆಯ ಗೇಟನ್ನು ಮತ್ತೆ ದಾಟುವುದಿಲ್ಲವೆಂದು ದೇವರ ಮುಂದೆ ಶಪಥ ಮಾಡಿದ್ದೆ. ನರ್ಸಿಂಗ್ ಕಾಲೇಜು ಇದ್ದದ್ದು ಅದೇ ಗೇಟಿನೊಳಗೆ. ಶಪಥ ಮುರಿದದ್ದನ್ನು ದೇವರು ತನ್ನ ಲೆಕ್ಕಕ್ಕೇ ಹಾಕಿಕೊಳ್ಳಲಿ ಎಂದುಕೊಂಡೆ. ನನ್ನ ಮಗನನ್ನು ಅಲ್ಲಿಂದ ಕರೆದುಕೊಂಡು ಹೋದವನು ಅವನೇ ತಾನೆ.

ಮಗನಿಗೆ ಮೂತ್ರಪಿಂಡದ ಕಾಯಿಲೆಯೆಂದು ಅಲ್ಲಿ ಸೇರಿಸಿದ್ದೆವು. ಅವನ ಕೊನೆಯ ಸಂಜೆ ರಕ್ತದ ವರದಿ ನೋಡಿದ ಡಾಕ್ಟರು, ಪೊಟ್ಯಾಸಿಯಂ ಏರಿದೆ, ಹೃದಯಕ್ಕೆ ಅಪಾಯ, ರಾತ್ರಿ ಹತ್ತಕ್ಕೆ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿ ಎಂದು ಕೇಸ್ ಶೀಟಿನಲ್ಲಿ ಬರೆದು ಹೋಗಿದ್ದರು. ಸಂಜೆ ಪಾಳಿಯ ನರ್ಸು ರಾತ್ರಿ ಪಾಳಿಯವಳಿಗೆ ವಾರ್ಡು ಒಪ್ಪಿಸುವಾಗ ಈ ಮಾತನ್ನು ಹೇಳಲಿಲ್ಲ. ಪರೀಕ್ಷೆ ನಡೆಯಲಿಲ್ಲ. ಬೆಳಗಾಗುವುದರೊಳಗೆ ಅವನ ಹೃದಯ ನಿಂತಿತು. ವಿಚಾರಣೆ ಮಾಡಿದವರು ಯಾರದೂ ತಪ್ಪಿಲ್ಲ ಎಂದು ಬರೆದು ಕೈ ತೊಳೆದುಕೊಂಡರು.

ಸೊಸೆಯೂ ಅಲ್ಲಿಯೇ ಮಕ್ಕಳ ವಾರ್ಡಿನಲ್ಲಿ ನರ್ಸು. ಕೆಲಸ ಮಾಡುತ್ತಲೇ ಎಂ.ಎಸ್ಸಿ. ಓದುತ್ತಿದ್ದಳು. ಅವಳು ಪ್ರಬಂಧ ಬರೆಯಬೇಕೆಂದಾಗ, ‘ಆಸ್ಪತ್ರೆಗಳಲ್ಲಿ ನಿರ್ಲಕ್ಷ್ಯ’ ಎಂದು ಬರೆ ಎಂದವಳು ನಾನೇ. ನನ್ನ ಮಗನನ್ನು ಕೊಂದವರ ಕಥೆ ಒಂದು ಪುಸ್ತಕದಲ್ಲಾದರೂ ಉಳಿಯಲಿ ಎಂದಿದ್ದೆ. ಸೋಮವಾರ ಸಮಿತಿಯ ಮುಂದೆ ವಿಷಯ ಒಪ್ಪಿಗೆಯಾಗದಿದ್ದರೆ ಅವಳಿಗೆ ಒಂದು ವರ್ಷ ನಷ್ಟ.

ಅವಳ ಗೈಡಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಕತ್ತರಿ ಮೇಡಂ. ಕೋಣೆ ತುಂಬ ಹಳೆಯ ಪ್ರಬಂಧಗಳ ಧೂಳು. ಕಿಟಕಿಯ ಆಚೆ ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡು, ತಂತಿಯ ಮೇಲೆ ಹಸಿರು ಹೊದಿಕೆಗಳು. ಅಂಥದ್ದೊಂದನ್ನು ನನ್ನ ಮಗನ ಮುಖದ ಮೇಲೆ ಎಳೆದಿದ್ದರು. ನಾನು ಬೆನ್ನು ತಿರುಗಿಸಿ ಕುಳಿತೆ.

“ಇವರು ನಮ್ಮತ್ತೆ ಮೇಡಂ,” ಎಂದಳು ಸೊಸೆ, ತಲೆ ತಗ್ಗಿಸಿ.

“ಬನ್ನಿ ಅಮ್ಮಾ. ಜಗಳಕ್ಕೆ ಬಂದಿದ್ದೀರಿ ಅಂತ ಚಪ್ಪಲಿ ಸದ್ದಲ್ಲೇ ಗೊತ್ತಾಯ್ತು.” ಆಕೆ ಹಾಳೆಯನ್ನು ಮುಂದೆ ತಳ್ಳಿದಳು. “ನೋಡಿ, ಎಲ್ಲ ಆಸ್ಪತ್ರೆ, ಎಲ್ಲ ತಪ್ಪು, ಎಲ್ಲ ಸಾವು. ಇದಕ್ಕೆ ಏಳು ಜನ್ಮ ಬೇಕು. ಇವಳಿಗಿರೋದು ಎಂಟು ತಿಂಗಳು.”

“ಸತ್ತದ್ದು ಸುಳ್ಳಾ?” ಎಂದೆ.

“ಅಲ್ಲ. ಆದ್ರೆ ನಿರ್ಲಕ್ಷ್ಯವನ್ನ ಇವಳು ಹೇಗೆ ಅಳೀತಾಳೆ? ಯಾವ ನರ್ಸು ಬಂದು, ನಾನು ನಿರ್ಲಕ್ಷ್ಯ ಮಾಡಿದೆ ಬರ್ಕೋ ಅಂತಾಳೆ?” ಸೊಸೆಯ ಕಡೆ ತಿರುಗಿದಳು. “ಬೈಗುಳ ಬಿಡು. ಆ ದಿನ ಏನಾಯ್ತು, ಅಷ್ಟೇ ಹೇಳು.”

“ಡಾಕ್ಟರ್ ಬರೆದಿದ್ದು ಕೇಸ್ ಶೀಟಲ್ಲಿತ್ತು. ಪಾಳಿ ಬದಲಾಗುವಾಗ ಬಾಯಲ್ಲಿ ಹೇಳಲಿಲ್ಲ.”

“ಹಾ! ಬರೆದದ್ದು ಒಂದು, ಹೇಳಿದ್ದು ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಬಿಟ್ಟುಹೋದದ್ದನ್ನ ಎಣಿಸಬಹುದು. ಸರಿ, ಯಾಕೆ ಬಿಟ್ಟುಹೋಗುತ್ತೆ?”

“ಯಾಕಂದ್ರೆ ಅವಳಿಗೆ ಮನೆಗೆ ಓಡೋ ಅವಸರ!” ನಾನು ಮೇಜು ಗುದ್ದಿದೆ. “ಕಣ್ಣಾರೆ ಕಂಡಿದ್ದೀನಿ. ಹೆಗಲಿಗೆ ಚೀಲ ಹಾಕ್ಕೊಂಡೇ ನಿಂತಿದ್ದಳು, ಮೂಳಿ!”

“ಅದು ಉತ್ತರ ಅಮ್ಮಾ. ನಾನು ಕೇಳ್ತಿರೋದು ಪ್ರಶ್ನೆ. ಉತ್ತರ ಮೊದಲೇ ಕೈಲಿದ್ರೆ ಪ್ರಬಂಧ ಯಾಕೆ? ಪೊಲೀಸರಿಗೆ ದೂರು ಕೊಡಿ, ಜೊತೆಗೆ ನಾನೇ ಬರ್ತೀನಿ.”

“ನಿಮ್ಮ ಮಗ ಸತ್ತಿದ್ರೆ ಹೀಗೆ ಮಾತಾಡ್ತಿದ್ರಾ?”

“ಇಲ್ಲ, ಕಿರುಚ್ತಿದ್ದೆ. ಆದ್ರೆ ಕಿರುಚಿದ್ದಕ್ಕೆ ಪದವಿ ಕೊಡೋ ಅಧಿಕಾರ ನನಗಿಲ್ಲ.”

ಸೊಸೆ ನಮ್ಮಿಬ್ಬರನ್ನೂ ನೋಡಲಿಲ್ಲ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, “ಒಬ್ಬ ನರ್ಸಿನ ಕೈಲಿ ಎಷ್ಟು ರೋಗಿಗಳಿದ್ದಾರೆ ಅನ್ನೋದಕ್ಕೂ ಎಷ್ಟು ಬಿಟ್ಟುಹೋಗುತ್ತೆ ಅನ್ನೋದಕ್ಕೂ ಸಂಬಂಧ ಇದೆಯಾ ಅಂತ ನೋಡಬಹುದಾ ಮೇಡಂ?” ಎಂದಳು.

“ನೋಡಬಹುದು. ಆದ್ರೆ ಸಂಬಂಧ ಇಲ್ಲ ಅಂತ ಬಂದ್ರೂ ಬರೀಬೇಕು. ನೀನು ಪಕ್ಕದಲ್ಲಿ ನಿಂತ್ರೆ ಯಾರೇ ಆದ್ರೂ ಹುಷಾರಾಗೇ ಹೇಳ್ತಾರೆ, ಹಾಗಾಗಿ ಮೊದಲ ಕೆಲವು ದಿನದ್ದು ಲೆಕ್ಕಕ್ಕೆ ಬೇಡ, ನಿನ್ನ ಮುಖ ಅಭ್ಯಾಸ ಆಗಲಿ. ಆ ನರ್ಸುಗಳ ಒಪ್ಪಿಗೆ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇನ್ನೊಂದು,” ಆಕೆ ದನಿ ಇಳಿಸಿದಳು, “ಆ ವಾರ್ಡು ಬೇಡ. ಈ ಆಸ್ಪತ್ರೆಯೇ ಬೇಡ. ಬೇರೆ ಕಡೆ ಹೋಗಿ ನೋಡು.”

ನಾನು ಎದ್ದು ಹೊರಗೆ ನಡೆದೆ.

ಭಾನುವಾರ ಸೊಸೆ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಮೂವತ್ತು ವರ್ಷ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದ ಕಣ್ಣು ನನ್ನದು. ತಪ್ಪು ಹುಡುಕುತ್ತಲೇ ಓದಿದೆ: ‘ಸಾಮಾನ್ಯ ವೈದ್ಯಕೀಯ ವಾರ್ಡುಗಳಲ್ಲಿ ಸಂಜೆ ಪಾಳಿಯಿಂದ ರಾತ್ರಿ ಪಾಳಿಗೆ ರೋಗಿಗಳನ್ನು ಒಪ್ಪಿಸುವಾಗ, ಕೇಸ್ ಶೀಟಿನಲ್ಲಿದ್ದು ಬಾಯಿಮಾತಿನಲ್ಲಿ ಬಿಟ್ಟುಹೋಗುವ ಸೂಚನೆಗಳ ಪ್ರಮಾಣಕ್ಕೂ ಒಪ್ಪಿಸುವ ನರ್ಸಿನ ವಶದಲ್ಲಿರುವ ರೋಗಿಗಳ ಸಂಖ್ಯೆಗೂ ಸಂಬಂಧವಿದೆಯೇ?’

“ಇದರಲ್ಲಿ ನನ್ನ ಮಗ ಎಲ್ಲಿದ್ದಾನೆ?” ಎಂದೆ.

“ಇಲ್ಲ ಅತ್ತೆ.”

“ಆ ನರ್ಸಾದರೂ ಎಲ್ಲಿದ್ದಾಳೆ?”

“ಅವಳೂ ಇಲ್ಲ.”

“ಚೆನ್ನಾಯ್ತು. ಗಂಡನನ್ನ ಕಳ್ಕೊಂಡವಳು ಅಂಕಿ ಎಣಿಸ್ತಾಳಂತೆ! ನಾಳೆ ರೋಗಿಗಳು ಜಾಸ್ತಿ ಇದ್ದಿದ್ದಕ್ಕೇ ಮರೆವು ಅಂತ ಬಂದ್ರೆ? ಆ ಹುಡುಗೀದು ತಪ್ಪಿಲ್ಲ ಅಂತ ಬರೀತೀಯೇನೇ?”

“ಅವಳ ತಪ್ಪು ಇದೆಯೋ ಇಲ್ಲವೋ ಇದರಿಂದ ಗೊತ್ತಾಗಲ್ಲ. ಆದ್ರೆ ಹಾಗೆ ಬಂದ್ರೆ ಹಾಗೇ ಬರೀತೀನಿ.” ಮೊದಲ ಸಲ ಅವಳ ದನಿ ಏರಿತು. “ನಿಮಗೊಬ್ಬರಿಗೇ ಸಿಟ್ಟಿರೋದಾ ಅತ್ತೆ? ದಿನಾ ಅದೇ ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋಗೋಳು ನಾನು. ಅವಳು ಎದುರಿಗೆ ಬಂದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ದಾಟ್ತೀನಿ. ಬೈದು ಬರೆದ್ರೆ ಆ ಹಾಳೆ ಕಪಾಟಲ್ಲಿ ಧೂಳು ತಿನ್ನುತ್ತೆ. ಎಣಿಸಿ ಬರೆದ್ರೆ ಯಾರಾದರೂ ಒಬ್ಬರು ಓದಿ, ಇನ್ನೊಬ್ಬಳ ಗಂಡನಿಗೆ ಹತ್ತು ಗಂಟೆಗೆ ರಕ್ತ ತೆಗೀಬಹುದು!”

ನಾನು ಹೋಗಿ ದೇವರ ಮುಂದೆ ಕುಳಿತೆ. ಸ್ತೋತ್ರದ ಮೊದಲ ಸಾಲಿಗಿಂತ ಮುಂದೆ ಹೋಗಲಾಗಲಿಲ್ಲ. ಆ ನರ್ಸಿಗೆ ಶಿಕ್ಷೆಯಾಗಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ. ಆ ದಿನ ಅದನ್ನೂ ಬೇಡದೆ ಎದ್ದೆ. ಸಿಟ್ಟು ದೇವರ ಮೇಲೆಯೇ ತಿರುಗಿತ್ತು.

ಸೋಮವಾರ ಸೊಸೆ ಬಂದಾಗ ಕತ್ತಲಾಗುತ್ತಿತ್ತು. ನಾನು ಕೇಳಲಿಲ್ಲ. ಅವಳೇ ಹೇಳಿದಳು.

“ಒಪ್ಪಿಗೆ ಆಯ್ತು. ಒಬ್ಬರು ಕೇಳಿದ್ರು, ದಿನಕ್ಕೆ ಮೂರು ಸಲ ಪಾಳಿ ಬದಲಾಗುತ್ತಲ್ಲ, ಸಂಜೆಯದ್ದೇ ಯಾಕೆ ಅಂತ. ಮೂರನ್ನೂ ಒಬ್ಬಳೇ ನೋಡೋಕಾಗಲ್ಲ, ರಾತ್ರಿ ಸಿಬ್ಬಂದಿ ಕಡಿಮೆ, ಬಿಟ್ಟುಹೋದದ್ದನ್ನ ಸರಿಪಡಿಸೋರು ಇರಲ್ಲ ಅಂದೆ.”

“ನಿಜವಾ?”

“ನಿಜವೇ. ಆದ್ರೆ ಮೂರರಲ್ಲಿ ನನ್ನ ಬೆರಳು ಅದರ ಮೇಲೇ ಹೋಗಿದ್ದು ಯಾಕೆ ಅಂತ ಮೇಡಂಗೆ ಗೊತ್ತು. ಕಿಟಕಿ ಕಡೆ ತಿರುಗಿಬಿಟ್ರು.”

ಅವಳು ಹೆಗಲ ಚೀಲವನ್ನು ಇಳಿಸದೆಯೇ ಒಲೆಯ ಮುಂದೆ ನಿಂತು, ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿಲ್ಲವೆಂದು ನೀರು ಕುಡಿಯುತ್ತಿದ್ದಳು. ಅಂದು ಅವಳ ಪಾಳಿಯಲ್ಲಿ ಇಬ್ಬರು ರಜೆಯಂತೆ. ನಾನು ಆ ಚೀಲವನ್ನೇ ನೋಡುತ್ತ ನಿಂತೆ. ಅದನ್ನು ಕಿತ್ತು ಗೋಡೆಗೆಸೆಯಬೇಕೆನ್ನಿಸಿತು.

“ಲೇ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. “ಆ ಸಂಜೆ ಅವಳ ಕೈಲಿ ಎಷ್ಟು ಜನ ರೋಗಿಗಳಿದ್ರು?”

ಸೊಸೆ ಲೋಟ ಕೆಳಗಿಟ್ಟಳು.

“ಗೊತ್ತಿಲ್ಲ ಅತ್ತೆ. ವಿಚಾರಣೆ ಮಾಡಿದವರೂ ಅದನ್ನ ಕೇಳಲಿಲ್ಲ.”